ಗಾಗಲ್ ಹಾಕಿದ್ದರೂ ಕಿಡಿ ಬಿದ್ದದ್ದು ಹೇಗೆ?

ಗ್ರೈಂಡಿಂಗ್ ಕಿಡಿ ಕಣ್ಣಿಗೆ ಹಾರಿದ ದಿನ ಫ್ಯಾಬ್ರಿಕೇಷನ್ ಶೆಡ್ಡಿನ ಸೂಪರ್‌ವೈಸರ್ ಬರೆಯುವ ವರದಿ ಸಾಮಾನ್ಯವಾಗಿ ನಾಲ್ಕು ಸಾಲು ದಾಟುವುದಿಲ್ಲ. 'ವೆಲ್ಡ್ ಗ್ರೈಂಡ್ ಮಾಡುವಾಗ ಬಲಗಣ್ಣಿಗೆ ಕಿಡಿ ಬಿದ್ದಿದೆ. ಸುರಕ್ಷತಾ ಕನ್ನಡಕ ಧರಿಸಿದ್ದರು. ಪ್ರಥಮ ಚಿಕಿತ್ಸೆ ಕೊಡಿಸಿ ಆಸ್ಪತ್ರೆಗೆ ಕಳುಹಿಸಲಾಗಿದೆ. ಮುಂದೆ ಎಚ್ಚರಿಕೆಯಿಂದ ಕೆಲಸ ಮಾಡಲು ತಿಳಿಸಲಾಗಿದೆ.' ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೂ ಇದನ್ನು ಓದಿ ಆ ಕಣ್ಣಿನ ಬಗ್ಗೆ ಯಾರೂ ಏನನ್ನೂ ತಿಳಿಯಲಾರರು. ಕನ್ನಡಕ ಹಾಕಿದ್ದರೆ ಕಿಡಿ ಒಳಗೆ ಹೋದದ್ದು ಹೇಗೆ? ಪ್ರಥಮ ಚಿಕಿತ್ಸೆ ಎಂದರೆ ಏನು ಮಾಡಿದರು, ಎಷ್ಟು ಹೊತ್ತಿಗೆ ಮಾಡಿದರು, ಯಾರು ಮಾಡಿದರು? ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿ ಕಡತಕ್ಕೆ ಸಾಕು, ವೈದ್ಯರಿಗೆ ಸಾಲದು. ನಾಳೆ ಅದೇ ಜಾಗದಲ್ಲಿ ಅದೇ ಗ್ರೈಂಡರ್ ಹಿಡಿಯುವವನಿಗಂತೂ ಏನೇನೂ ಸಾಲದು. 'ಧರಿಸಿದ್ದರೇ, ಇಲ್ಲವೇ' ಎಂಬ ಪ್ರಶ್ನೆಗೆ ಉತ್ತರ ಬಂದ ಕೂಡಲೇ ವಿಚಾರಣೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ವಿಚಾರಣೆ ಶುರುವಾಗಬೇಕಾದದ್ದೇ ಅಲ್ಲಿಂದ ಎನ್ನುವುದು ಈ ಲೇಖನದ ವಾದ.

ಮೊದಲು ಕಿಡಿ ಎಂದರೇನೆಂದು ನೋಡೋಣ. ಶೆಡ್ಡುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ನಾಲ್ಕಿಂಚಿನ ಕೈ ಗ್ರೈಂಡರಿನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಚಕ್ರದ ಅಂಚಿನ ವೇಗ ಗಂಟೆಗೆ 200 ಕಿಲೊಮೀಟರು ದಾಟುತ್ತದೆ. ಆ ಅಂಚು ಕಬ್ಬಿಣದಿಂದ ಕೆತ್ತಿ ತೆಗೆದ ಚೂರು ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೊರಡುತ್ತದೆ. ಉಜ್ಜಿದ ಬಿಸಿಗೆ ಕೆಂಪಾದ ಚೂರು ಗಾಳಿಯಲ್ಲಿ ಉರಿಯುವುದರಿಂದ ಹೊಳೆಯುತ್ತದೆ. ನಮಗೆ ಕಾಣುವ ಕಿಡಿ ಅದೇ. ಹೊಳಪು ಆರಿದ ಮಾತ್ರಕ್ಕೆ ಚೂರು ನಿಂತಿತು ಎಂದಲ್ಲ. ಆರಿದ ಮೇಲೂ ಅದು ಹಾರುತ್ತದೆ, ಎದುರಿನ ತಗಡಿಗೋ ಗೋಡೆಗೋ ಬಡಿದು ತಿರುಗಿ ಬರುತ್ತದೆ. ಜತೆಗೆ ಚಕ್ರದ್ದೇ ಸವೆದ ಹರಳುಗಳೂ ಸಿಡಿಯುತ್ತವೆ. ಅವು ಹೊಳೆಯುವುದೂ ಇಲ್ಲ. ಹೀಗಾಗಿ 'ಕಿಡಿ ಆ ಕಡೆಗೆ ಹೋಗುತ್ತಿತ್ತು, ನನ್ನ ಕಡೆ ಬರುತ್ತಿರಲಿಲ್ಲ' ಎಂದು ಕೆಲಸಗಾರ ಹೇಳಿದರೆ ಅವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಳ್ಳಬೇಕಿಲ್ಲ. ಕಂಡ ಕಿಡಿ ಆ ಕಡೆ ಹೋಗಿದೆ, ಕಾಣದ್ದು ಈ ಕಡೆ ಬಂದಿದೆ.

ಇನ್ನು ಕನ್ನಡಕದ ವಿಷಯ. ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಇಲಾಖೆ 1980ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆ ಕೆಲಸದ ಜಾಗದಲ್ಲಿ ಕಣ್ಣಿಗೆ ಪೆಟ್ಟಾದವರನ್ನು ವಿಚಾರಿಸಿತ್ತು. ಐವರಲ್ಲಿ ಮೂವರು ಆ ಹೊತ್ತಿನಲ್ಲಿ ಕಣ್ಣಿಗೆ ಏನನ್ನೂ ಹಾಕಿರಲಿಲ್ಲ. ಸುರಕ್ಷತೆಯ ಭಾಷಣಗಳಲ್ಲಿ ಉದ್ಧರಿಸುವುದು ಈ ಭಾಗವನ್ನು ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಉಳಿದ ಇಬ್ಬರ ಕಥೆ. ಏನಾದರೊಂದು ರಕ್ಷಣೆ ಹಾಕಿಕೊಂಡೂ ಪೆಟ್ಟು ತಿಂದವರ ಪೈಕಿ ಶೇ 94ರಷ್ಟು ಮಂದಿಗೆ ಕಣವೋ ದ್ರವವೋ ಬಂದದ್ದು ಕನ್ನಡಕದ ಸುತ್ತಲಿನಿಂದ ಅಥವಾ ಅಡಿಯಿಂದ. ಗಾಜು ಒಡೆದು ಕಣ್ಣಿಗೆ ಹೊಕ್ಕ ಪ್ರಸಂಗಗಳು ತೀರಾ ಕಡಿಮೆ. ಸಮೀಕ್ಷೆ ಹಳೆಯದು, ದೇಶವೂ ಬೇರೆ. ಅಂದಿನ ಕನ್ನಡಕಕ್ಕೂ ಇಂದಿನದಕ್ಕೂ ವ್ಯತ್ಯಾಸ ಇದೆ. ಆದರೆ ಮುಖದ ಆಕಾರ ಬದಲಾಗಿಲ್ಲ. ಕೆನ್ನೆಗೂ ಕನ್ನಡಕದ ಕೆಳ ಅಂಚಿಗೂ ನಡುವೆ ಉಳಿಯುವ ಸಂದು ಇವತ್ತೂ ಹಾಗೇ ಇದೆ.

ಆ ಸಂದು ಯಾವಾಗ ದೊಡ್ಡದಾಗುತ್ತದೆ ಎಂಬುದನ್ನು ಶೆಡ್ಡಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಕೆಲಸಗಾರ ಕುಕ್ಕರುಗಾಲಿನಲ್ಲಿ ಕೂತು ನೆಲದ ಮೇಲಿಟ್ಟ ಫ್ರೇಮನ್ನು ಗ್ರೈಂಡ್ ಮಾಡುವಾಗ ಮುಖ ಕೆಳಕ್ಕೆ ಬಾಗಿರುತ್ತದೆ. ಬೆವರಿಗೆ ಕನ್ನಡಕ ಮೂಗಿನ ಮೇಲೆ ಒಂದಿಷ್ಟು ಜಾರಿರುತ್ತದೆ. ಕೆಳಗಿನಿಂದ ಪುಟಿದು ಬರುವ ಚೂರಿಗೆ ಈಗ ಕೆನ್ನೆಯ ಮೇಲಿಂದ ನೇರ ದಾರಿ. ಒಳಗೆ ಹೊಕ್ಕದ್ದು ಕಣ್ಣಿಗೆ ನೇರವಾಗಿ ತಾಗದಿದ್ದರೂ ಗಾಜಿನ ಒಳಮೈಗೆ ಬಡಿದು ಕಣ್ಣಿಗೆ ಬೀಳಬಹುದು. ಇನ್ನೊಂದು ದಾರಿ ಇನ್ನೂ ಮೋಸದ್ದು. ಕೆಲಸ ಮುಗಿಯಿತು, ಗ್ರೈಂಡರ್ ನಿಂತಿತು, ಕನ್ನಡಕವನ್ನೋ ಫೇಸ್ ಶೀಲ್ಡನ್ನೋ ಮೇಲೆತ್ತಿದರು. ಹುಬ್ಬಿನಲ್ಲಿ, ಕೂದಲಿನಲ್ಲಿ, ಟೋಪಿಯ ಅಂಚಿನಲ್ಲಿ ಕೂತಿದ್ದ ಪುಡಿ ಆಗ ಕಣ್ಣಿಗೆ ಉದುರಿತು. ಇಂಥ ಸಂದರ್ಭದಲ್ಲಿ 'ಧರಿಸಿದ್ದರು' ಎಂದರೂ ಸರಿ, 'ಧರಿಸಿರಲಿಲ್ಲ' ಎಂದರೂ ಸರಿ. ಎರಡರಿಂದಲೂ ಗೊತ್ತಾಗುವುದು ಏನೂ ಇಲ್ಲ.

ಒಂದು ಪ್ರಕರಣವನ್ನು ಮಾದರಿಗಾಗಿ ಕಟ್ಟಿಕೊಂಡು ಕೊನೆಯವರೆಗೆ ನೋಡೋಣ. ಇದರಲ್ಲಿರುವ ಪ್ರತಿಯೊಂದು ವಿವರವೂ ಪೀಣ್ಯದಲ್ಲೋ ಉದ್ಯಮಬಾಗದಲ್ಲೋ ದಿನಾ ಕಾಣಸಿಗುವಂಥದ್ದೇ. ಗೇಟಿನ ಫ್ರೇಮಿನ ಒಳಮೂಲೆಯ ವೆಲ್ಡನ್ನು ಸಾಪು ಮಾಡಬೇಕು. ಗಾರ್ಡ್ ಇದ್ದರೆ ಚಕ್ರ ಮೂಲೆಗೆ ಹೋಗುವುದಿಲ್ಲ, ಆದ್ದರಿಂದ ಗಾರ್ಡ್ ಬಿಚ್ಚಿಟ್ಟಿದ್ದಾರೆ. ಫ್ರೇಮ್ ನೆಲದ ಮೇಲಿದೆ. ಕೆಲಸಗಾರನ ಮುಖದ ಮೇಲೆ ಇರುವುದು ತೆರೆದ ಬದಿಯ ಸಾದಾ ಸುರಕ್ಷತಾ ಕನ್ನಡಕ. ಸೆಖೆಗೆಂದು ಎದುರಿಗೆ ಸ್ಟ್ಯಾಂಡ್ ಫ್ಯಾನ್ ಇಟ್ಟಿದ್ದಾರೆ. ಗಾಳಿ ಕಿಡಿಪುಡಿಯನ್ನು ಅವನ ಮುಖಕ್ಕೇ ತರುತ್ತಿದೆ. ಬೆಳಿಗ್ಗೆ 11.20ಕ್ಕೆ ಬಲಗಣ್ಣಲ್ಲಿ ಚುಚ್ಚಿದಂತಾಯಿತು. ಉಜ್ಜಿಕೊಂಡ, ನೀರು ಬಂತು, ಕೆಲಸ ಮುಂದುವರಿಸಿದ. ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿನ 'ಕಸ ತೆಗೆಯುವ' ಹಿರಿಯನೊಬ್ಬ ಕರವಸ್ತ್ರದ ತುದಿಯನ್ನು ಹುರಿಮಾಡಿ ಕಣ್ಣೊಳಗೆ ಆಡಿಸಿದ. ಸಂಜೆ ಮೆಡಿಕಲ್ ಶಾಪಿನಿಂದ ಕೆಂಪಗಾದ ಕಣ್ಣಿಗೆಂದು ಒಂದು ಡ್ರಾಪ್ಸ್ ತಂದು ಹಾಕಿಕೊಂಡ. ರಾತ್ರಿ ನಿದ್ದೆ ಇಲ್ಲ. ಮರುದಿನ 10.30ಕ್ಕೆ ಕಣ್ಣಿನ ವೈದ್ಯರ ಮುಂದೆ ಕೂತ. ಪೆಟ್ಟಿಗೂ ಚಿಕಿತ್ಸೆಗೂ ನಡುವೆ 23 ಗಂಟೆ ಕಳೆದಿತ್ತು. ಇದಿಷ್ಟೂ 'ಸುರಕ್ಷತಾ ಕನ್ನಡಕ ಧರಿಸಿದ್ದರು, ಪ್ರಥಮ ಚಿಕಿತ್ಸೆ ಕೊಡಿಸಲಾಗಿದೆ' ಎಂಬ ಎರಡು ವಾಕ್ಯದೊಳಗೆ ಮುಚ್ಚಿಹೋಗಿದೆ.

ವೈದ್ಯರು ನೋಡುವುದೇನು? ಮೊದಲು ಅಕ್ಷರಫಲಕ ಓದಿಸಿ ಎರಡೂ ಕಣ್ಣಿನ ದೃಷ್ಟಿ ಬರೆದುಕೊಳ್ಳುತ್ತಾರೆ. ಆಮೇಲೆ ಮರಗಟ್ಟಿಸುವ ಹನಿ ಹಾಕಿ, ಸ್ಲಿಟ್ ಲ್ಯಾಂಪಿನಡಿ ಕೂರಿಸಿ, ಫ್ಲೋರೆಸಿನ್ ಎಂಬ ಹಳದಿ ಬಣ್ಣ ತಾಗಿಸುತ್ತಾರೆ. ನೀಲಿ ಬೆಳಕಿನಲ್ಲಿ ಗೀರು ಹಸಿರಾಗಿ ಹೊಳೆಯುತ್ತದೆ. ಹಸಿರು ಗೆರೆಗಳು ಮೇಲಿಂದ ಕೆಳಕ್ಕೆ ಸಾಲಾಗಿ ಎಳೆದಂತಿದ್ದರೆ ಕಣ ಇನ್ನೂ ಮೇಲ್ರೆಪ್ಪೆಯ ಒಳಮೈಗೆ ಅಂಟಿಕೊಂಡಿದೆ, ಪ್ರತಿ ಬಾರಿ ಮಿಟುಕಿಸಿದಾಗಲೂ ಕಾರ್ನಿಯಾವನ್ನು ಗೀರುತ್ತಿದೆ ಎಂದರ್ಥ. ರೆಪ್ಪೆಯನ್ನು ಮಗುಚಿ ತೆಗೆಯಬೇಕು. ನಮ್ಮ ಪ್ರಕರಣದಲ್ಲಿ ಕಣ ಕಾರ್ನಿಯಾದಲ್ಲೇ ನಾಟಿದೆ. ಕಾರ್ನಿಯಾ ಎಂದರೆ ಕಪ್ಪುಗುಡ್ಡೆಯ ಮೇಲಿರುವ ಪಾರದರ್ಶಕ ಪದರ, ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಮೇಲ್ಮೈಯ ತೆಳುಪೊರೆಗೆ ಮಾತ್ರ ಗಾಯವಾದರೆ ಒಂದೆರಡು ದಿನದಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಅದರಡಿಯ ಪದರಕ್ಕೆ ಇಳಿದರೆ ಬಿಳಿ ಕಲೆ ಉಳಿಯುತ್ತದೆ. ಕಲೆ ಅಂಚಿನಲ್ಲಿದ್ದರೆ ಬದುಕು ಸಾಗುತ್ತದೆ. ಪಾಪೆಯ ನೇರಕ್ಕೆ ಬಂದರೆ ಆ ಕಣ್ಣಲ್ಲಿ ಸೂಕ್ಷ್ಮ ಕೆಲಸದ ದೃಷ್ಟಿ ಮತ್ತೆ ಬರುವುದಿಲ್ಲ.

ಕಬ್ಬಿಣದ ಚೂರಿಗೆ ಇನ್ನೊಂದು ಕಾಟವಿದೆ. ಕಣ್ಣೀರಿನಲ್ಲಿ ನೆನೆದು ಕೆಲವೇ ಗಂಟೆಗಳಲ್ಲಿ ಅದು ತುಕ್ಕು ಬಿಡಲು ತೊಡಗುತ್ತದೆ. ಚೂರಿನ ಸುತ್ತ ಕಂದು ಬಣ್ಣದ ಬಳೆಯೊಂದು ಕಾರ್ನಿಯಾದೊಳಗೆ ಇಳಿಯುತ್ತದೆ. ವೈದ್ಯರು ಅದನ್ನು ತುಕ್ಕಿನ ಉಂಗುರ ಎನ್ನುತ್ತಾರೆ. ಹೊಸ ಚೂರನ್ನು ಸಣ್ಣ ಸೂಜಿಯ ತುದಿಯಿಂದ ಎಬ್ಬಿಸಿ ತೆಗೆಯಬಹುದು. ತುಕ್ಕು ಇಳಿದಿದ್ದರೆ ಚೂರು ಬಂದ ಮೇಲೂ ಉಂಗುರ ಉಳಿಯುತ್ತದೆ. ಅದನ್ನು ಸಣ್ಣ ಬರ್ ಯಂತ್ರದಿಂದ ಕೆರೆಯಬೇಕು, ಇಲ್ಲವೇ ಒಂದು ದಿನ ಬಿಟ್ಟು ಮೆತ್ತಗಾದ ಮೇಲೆ ಮತ್ತೆ ಕರೆಸಿ ತೆಗೆಯಬೇಕು. ಇಲ್ಲೇ ಕೆಲಸಗಾರರೂ ಸೂಪರ್‌ವೈಸರುಗಳೂ ಮೋಸಹೋಗುವುದು. ಚೂರಿನ ಮೇಲೆ ಪೊರೆ ಬೆಳೆದುಕೊಂಡರೆ ಚುಚ್ಚುವ ನೋವು ಕಡಿಮೆಯಾಗುತ್ತದೆ. 'ನೋವು ಹೋಯಿತು, ಕಸ ತಾನಾಗಿಯೇ ಹೋಗಿರಬೇಕು' ಎಂದು ವರದಿ ಮುಚ್ಚಿದರೆ, ಒಳಗೆ ತುಕ್ಕು ಮುಂದುವರಿಯುತ್ತಿರುತ್ತದೆ. ಆದ್ದರಿಂದ ವರದಿಯಲ್ಲಿ 'ಈಗ ನೋವಿಲ್ಲ' ಎಂಬ ಮಾತಿಗೆ ಬೆಲೆ ಕಡಿಮೆ. ಕಣ ಹೊರಬಂತೇ, ತುಕ್ಕು ಉಳಿದಿದೆಯೇ, ಮತ್ತೆ ಯಾವ ದಿನ ಬರಹೇಳಿದ್ದಾರೆ ಎಂಬುದಕ್ಕೆ ಬೆಲೆ ಇದೆ. ಇವೆಲ್ಲ ಆಸ್ಪತ್ರೆಯ ಚೀಟಿಯಲ್ಲೇ ಇರುತ್ತವೆ, ನಕಲು ಮಾಡಿಕೊಂಡರಾಯಿತು.

ಸಮಯಕ್ಕೇಕೆ ಇಷ್ಟು ಮಹತ್ವ ಎಂಬುದಕ್ಕೆ ನೇಪಾಳದ ಭಕ್ತಪುರದಲ್ಲಿ ನಡೆದ ಒಂದು ಅಧ್ಯಯನ ಸಾಕ್ಷಿ. ಅದು 2001ರಲ್ಲಿ ಪ್ರಕಟವಾಯಿತು. ಕಾರ್ನಿಯಾ ಗೀರಿಹೋದ 442 ಮಂದಿಗೆ ಊರಿನಲ್ಲೇ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಕ್ಲೋರಾಮ್‌ಫೆನಿಕಾಲ್ ಮುಲಾಮು ಹಚ್ಚಿದರು. 18 ಗಂಟೆಯೊಳಗೆ ಚಿಕಿತ್ಸೆ ಶುರುವಾದವರಲ್ಲಿ ಒಬ್ಬರಿಗೂ ಕಾರ್ನಿಯಾದ ಹುಣ್ಣಾಗಲಿಲ್ಲ. 18ರಿಂದ 24 ಗಂಟೆಯ ನಡುವೆ ಬಂದ 109 ಮಂದಿಯಲ್ಲಿ ನಾಲ್ವರಿಗೆ ಆಯಿತು. ಒಂದು ದಿನ ಕಳೆದು ಎರಡನೆಯ ದಿನ ಬಂದ 49 ಮಂದಿಯಲ್ಲಿ 14 ಮಂದಿಗೆ ಆಯಿತು. ಅಲ್ಲಿನ ಗಾಯಗಳು ಗ್ರೈಂಡಿಂಗಿನವಲ್ಲ ಎಂದು ಆಕ್ಷೇಪಿಸಬಹುದು, ಅದು ಸರಿಯಾದ ಆಕ್ಷೇಪವೇ. ಹೊಲದಲ್ಲಿ ಎಲೆ ಕಡ್ಡಿ ತಾಗಿದ ಗಾಯದಲ್ಲಿ ಶಿಲೀಂಧ್ರದ ಭಯ ಹೆಚ್ಚು, ಕಾದ ಲೋಹದ ಚೂರಿನಲ್ಲಿ ಕಡಿಮೆ. ಆ ಪ್ರಮಾಣವನ್ನು ಹಾಗೇ ಶೆಡ್ಡಿಗೆ ತರಲಾಗದು. ಆದರೆ ಬಿಸಿಗೆ ಕ್ರಿಮಿ ಸತ್ತಿರುತ್ತದೆ ಎಂಬ ಧೈರ್ಯ ಚೂರಿಗಷ್ಟೇ ಅನ್ವಯ. ಚೂರು ಮಾಡಿದ ತೆರೆದ ಗಾಯಕ್ಕೆ ಆಮೇಲೆ ಕೈ, ಕರವಸ್ತ್ರ, ಶೆಡ್ಡಿನ ದೂಳು ಎಲ್ಲವೂ ತಾಗುತ್ತವೆ. ನಮ್ಮ ಕೆಲಸಗಾರ 23ನೇ ಗಂಟೆಗೆ ಬಂದವನು. ಕರವಸ್ತ್ರದ ಪ್ರಯೋಗವೂ ಆಗಿತ್ತು. ಪೆಟ್ಟಾದ ಗಂಟೆಯನ್ನೂ ಯಾರು ಏನು ಮಾಡಿದರೆಂಬುದನ್ನೂ ಬರೆದಿದ್ದರೆ, ಚೀಟಿ ಹಿಡಿದುಕೊಂಡ ವೈದ್ಯರು ಮೊದಲೇ ಸೋಂಕನ್ನು ಹುಡುಕುತ್ತಿದ್ದರು.

ಆ ಸಂಜೆಯ ಡ್ರಾಪ್ಸಿನ ಹೆಸರೂ ವರದಿಯಲ್ಲಿ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಲವು ಕಣ್ಣಿನ ಹನಿಗಳಲ್ಲಿ ಆ್ಯಂಟಿಬಯಾಟಿಕ್ ಜತೆಗೆ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನು ಬೇಗ ಇಳಿಸುತ್ತದೆ, ಗಾಯ ಮಾಯುವುದನ್ನು ತಡಮಾಡುತ್ತದೆ, ಶಿಲೀಂಧ್ರ ಇದ್ದರೆ ಅದಕ್ಕೆ ಹಾದಿ ಬಿಡಿಸಿಕೊಡುತ್ತದೆ. ಇನ್ನೂ ಅಪಾಯಕಾರಿಯಾದದ್ದು ಮರಗಟ್ಟಿಸುವ ಹನಿಯನ್ನು ಮನೆಗೆ ಒಯ್ಯುವುದು. ಆಸ್ಪತ್ರೆಯಲ್ಲಿ ಒಂದು ಹನಿಗೆ ನೋವು ಮಾಯವಾದದ್ದನ್ನು ಕಂಡವನು 'ಅದನ್ನೇ ಕೊಡಿ ಸಾರ್' ಎನ್ನುವುದು ಸಹಜ. ಪದೇಪದೇ ಹಾಕಿದರೆ ಕಾರ್ನಿಯಾದ ಪೊರೆ ಬೆಳೆಯುವುದೇ ನಿಂತು ಗಾಯ ಆಳವಾಗುತ್ತದೆ. ವೈದ್ಯರು ಮನೆಗೆ ಬರೆದುಕೊಡುವುದು ಆ್ಯಂಟಿಬಯಾಟಿಕ್ ಹನಿ ಅಥವಾ ಮುಲಾಮು, ಬೇಕಿದ್ದರೆ ಪಾಪೆ ಹಿಗ್ಗಿಸಿ ನೋವು ತಗ್ಗಿಸುವ ಹನಿ, ನುಂಗುವ ನೋವಿನ ಮಾತ್ರೆ. ಸಾದಾ ಗೀರಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟುವ ರೂಢಿ ಈಗ ಬಹುಮಟ್ಟಿಗೆ ಹೋಗಿದೆ. ಶೆಡ್ಡಿನೊಳಗೆ ಮಾಡಬಹುದಾದ ಪ್ರಥಮ ಚಿಕಿತ್ಸೆ ಬಹಳ ಚಿಕ್ಕದು: ಉಜ್ಜದಂತೆ ತಡೆದು, ಶುದ್ಧ ನೀರನ್ನೋ ಸಲೈನನ್ನೋ ಸಣ್ಣಗೆ ಹರಿಸಿ ಕಣ್ಣು ಮಿಟುಕಿಸಲು ಹೇಳುವುದು. ಅಷ್ಟಕ್ಕೆ ಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೊರಡುವುದು. ಆಯಸ್ಕಾಂತ, ಬೆಂಕಿಕಡ್ಡಿ, ಹರಳೆಣ್ಣೆ ಯಾವುದೂ ಬೇಡ.

ಈಗ ರಕ್ಷಣಾ ಸಾಧನದ ಕಾಲಮ್ಮಿಗೆ ಮರಳೋಣ. 'ಗಾಗಲ್' ಎಂದು ಶೆಡ್ಡಿನಲ್ಲಿ ಕರೆಯುವ ವಸ್ತುಗಳು ಕನಿಷ್ಠ ಮೂರು ಬಗೆಯವು: ಸಾದಾ ಸುರಕ್ಷತಾ ಕನ್ನಡಕ, ಮುಖಕ್ಕೆ ಸುತ್ತಲೂ ಅಂಟಿ ಕೂರುವ ಮುಚ್ಚಿದ ಗಾಗಲ್, ಇಡೀ ಮುಖ ಮುಚ್ಚುವ ಫೇಸ್ ಶೀಲ್ಡ್. ಭಾರತದಲ್ಲಿ ಇವುಗಳಿಗೆ ಐಎಸ್ 5983 ಎಂಬ ಮಾನಕವಿದೆ. ಯುರೋಪಿನ ಇಎನ್ 166 ಮಾನಕದ ಗುರುತನ್ನೂ ಇಲ್ಲಿನ ಮಾಲಿನ ಮೇಲೆ ಕಾಣಬಹುದು, ಗಾಜಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ. ಆ ಗುರುತಿನಲ್ಲಿ F ಇದ್ದರೆ ಸೆಕೆಂಡಿಗೆ 45 ಮೀಟರು ವೇಗದ ಚಿಕ್ಕ ಉಕ್ಕಿನ ಗುಂಡನ್ನು ತಡೆಯಬಲ್ಲದು, B ಇದ್ದರೆ 120 ಮೀಟರು, A ಇದ್ದರೆ 190 ಮೀಟರು. ಸಾದಾ ಕನ್ನಡಕಕ್ಕೆ F ದರ್ಜೆಗಿಂತ ಮೇಲೆ ಸಿಗುವುದೇ ಇಲ್ಲ. ಮುಚ್ಚಿದ ಗಾಗಲ್‌ಗೆ B, ಶೀಲ್ಡಿಗೆ ಮಾತ್ರ A. ಶೀಲ್ಡ್ ಹಾಕಿದರೆ ಕನ್ನಡಕ ಬೇಡ ಎಂಬ ತಿಳಿವಳಿಕೆಯೂ ತಪ್ಪು: ಶೀಲ್ಡಿನ ಅಡಿಯಿಂದ ಗದ್ದದ ಬಳಿ ಪುಡಿ ಏರಿ ಬರುತ್ತದೆ, ಆದ್ದರಿಂದ ಅದರ ಒಳಗೆ ಕನ್ನಡಕವೋ ಗಾಗಲ್ಲೋ ಇರಲೇಬೇಕು. ದೃಷ್ಟಿದೋಷದ ಪವರ್ ಕನ್ನಡಕ ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹೀಗಿರುವಾಗ ವರದಿಯಲ್ಲಿ 'ಗಾಗಲ್' ಎಂದಷ್ಟೇ ಬರೆದರೆ ಏನು ಹಾಕಿದ್ದ ಎಂಬುದು ಗೊತ್ತಾಗುವುದಿಲ್ಲ. ನಮ್ಮ ಪ್ರಕರಣದಲ್ಲಿ ಬರೆಯಬೇಕಾದದ್ದು ಇಷ್ಟು: 'ತೆರೆದ ಬದಿಯ ಸಾದಾ ಕನ್ನಡಕ, ಗಾಜಿನ ಮೇಲೆ ಗುರುತು ಸವೆದಿದೆ, ಗಾಜು ಗೀರು ಬಿದ್ದಿದೆ. ಶೀಲ್ಡ್ ಇರಲಿಲ್ಲ. ಕೆಲಸ ನೆಲದ ಮೇಲೆ, ಗಾರ್ಡ್ ಬಿಚ್ಚಿತ್ತು, ಫ್ಯಾನ್ ಎದುರಿಗಿತ್ತು. ಕೆಳಗಿನಿಂದ ಬಂದಂತಾಯಿತು ಎನ್ನುತ್ತಾರೆ.' ಇದನ್ನು ಬರೆಯಲು ಐದು ನಿಮಿಷ ಸಾಕು. ಓದಿದವರಿಗೆ ಮಾಡಬೇಕಾದದ್ದು ತಾನಾಗಿ ಕಾಣುತ್ತದೆ: ಫ್ರೇಮನ್ನು ಸ್ಟ್ಯಾಂಡಿನ ಮೇಲೆ ಎತ್ತುವುದು, ಒಳಮೂಲೆಗೆ ಕೈ ಗ್ರೈಂಡರಿನ ಬದಲು ಡೈ ಗ್ರೈಂಡರ್ ಕೊಡುವುದು, ಫ್ಯಾನನ್ನು ಬೆನ್ನ ಹಿಂದಿನ ಓರೆಗೆ ತಿರುಗಿಸುವುದು. ಎಚ್ಚರಿಕೆಯಿಂದಿರಲು ಹೇಳುವುದು ಆ ಪಟ್ಟಿಯಲ್ಲಿ ಎಲ್ಲೋ ಕೊನೆಗೆ ಬರುತ್ತದೆ.

ಇದಕ್ಕೆ ಸೂಪರ್‌ವೈಸರುಗಳ ಮೊದಲ ಆಕ್ಷೇಪ ಹೀಗಿರುತ್ತದೆ: ಹೀಗೆಲ್ಲ ಬಿಡಿಸಿ ಬರೆದರೆ ಗಾರ್ಡ್ ಬಿಚ್ಚಿದ್ದು ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆ ಬರುತ್ತದೆ, ಕುತ್ತಿಗೆಗೆ ಬರುವುದು ನಮಗೇ. ಈ ಭಯ ಹುಸಿಯಲ್ಲ. ರಕ್ಷಣಾ ಸಾಧನದ ಕುರಿತ ಆ ಒಂದು ವಾಕ್ಯಕ್ಕೆ ಕಾನೂನಿನ ಭಾರವಿದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ, ಈಗ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇರುವ ನಿಯಮದ ಪ್ರಕಾರ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದ ಪ್ರಕರಣಗಳಲ್ಲಿ, ಒದಗಿಸಿದ ರಕ್ಷಣಾ ಸಾಧನವನ್ನು ಕೆಲಸಗಾರ ಬೇಕೆಂದೇ ತೆಗೆದ ಅಥವಾ ಕಡೆಗಣಿಸಿದ ಎಂದು ಸಾಬೀತಾದರೆ ಮಾಲೀಕ ಪರಿಹಾರದಿಂದ ತಪ್ಪಿಸಿಕೊಳ್ಳಬಹುದು. ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋದರೂ ಕಾನೂನಿನ ಪಟ್ಟಿ ಅದನ್ನು ದುಡಿಮೆಯ ಸಾಮರ್ಥ್ಯದಲ್ಲಿ ಶೇ 30ರಷ್ಟು ನಷ್ಟವೆಂದು ಎಣಿಸುತ್ತದೆ, ಪೂರ್ಣ ವೈಕಲ್ಯವೆಂದಲ್ಲ. ಎಂದರೆ ಕಣ್ಣಿನ ಬಹುಪಾಲು ಪ್ರಕರಣಗಳು ಈ ವಿನಾಯಿತಿಯ ಬಾಯಿಗೇ ಬೀಳುತ್ತವೆ. ಹೀಗಾಗಿ 'ಧರಿಸಿರಲಿಲ್ಲ' ಎಂಬ ಬರಿ ಮಾತು ಕೆಲಸಗಾರನ ವಿರುದ್ಧ ನಿಲ್ಲಬಲ್ಲದು. 'ಧರಿಸಿದ್ದರು' ಎಂಬ ಬರಿ ಮಾತು, ತಾನು ಕೊಡಬೇಕಾದದ್ದನ್ನು ಕೊಟ್ಟಿದ್ದೇನೆ ಎಂದು ಮಾಲೀಕನಿಗೆ ಹೇಳಿಕೊಳ್ಳಲು ನೆರವಾಗುತ್ತದೆ. ಎರಡು ಮಾತಿನಲ್ಲೂ ಬಚಾವಾಗುವವರು ಯಾರೋ ಒಬ್ಬರಿದ್ದಾರೆ, ಕಣ್ಣಿಗೆ ಮಾತ್ರ ಎರಡರಿಂದಲೂ ಪ್ರಯೋಜನವಿಲ್ಲ. ವಿವರವಾಗಿ ಬರೆದ ವರದಿಯಲ್ಲಿ ಸೂಪರ್‌ವೈಸರಿಗೂ ರಕ್ಷಣೆ ಇದೆ. ಡೈ ಗ್ರೈಂಡರ್ ಬೇಕೆಂದು ಅವನು ಕೇಳಿದ್ದು, ಅದು ಬರದೆ ಹೋದದ್ದು ಕಾಗದದ ಮೇಲೆ ಇದ್ದರೆ ಎರಡನೆಯ ಸಲ ಆಗುವ ಗಾಯದ ಹೊಣೆ ಅವನೊಬ್ಬನ ತಲೆಗೆ ಬರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಪ್ರಾಮಾಣಿಕವಾದದ್ದು. ಕೊಟ್ಟರೂ ಹಾಕುವುದಿಲ್ಲ, ಹಣೆಗೆ ಏರಿಸಿಕೊಳ್ಳುತ್ತಾರೆ, ನಾವು ನೋಡಿದಾಗ ಮಾತ್ರ ಇಳಿಸುತ್ತಾರೆ ಎಂಬುದು. ಹೌದು, ನಡೆಯುವುದು ಹಾಗೆಯೇ. ಆದರೆ ಏಕೆ ಏರಿಸಿಕೊಳ್ಳುತ್ತಾರೆ ಎಂದು ಕೇಳಿದರೆ ಉತ್ತರ ಮೈಗಳ್ಳತನ ಅಲ್ಲ. ಏಪ್ರಿಲ್ ತಿಂಗಳ ಶೀಟಿನ ಶೆಡ್ಡಿನೊಳಗೆ ಮುಚ್ಚಿದ ಗಾಗಲ್ ಕೆಲವೇ ನಿಮಿಷಕ್ಕೆ ಮಬ್ಬಾಗುತ್ತದೆ. ಗೀರು ಬಿದ್ದ ಗಾಜಿನಲ್ಲಿ ವೆಲ್ಡಿನ ಗೆರೆ ಕಾಣುವುದಿಲ್ಲ. ಗೆರೆ ಕಾಣದೆ ಗ್ರೈಂಡ್ ಮಾಡಿದರೆ ಚಕ್ರ ಸಿಕ್ಕಿಕೊಂಡು ಒದೆಯುತ್ತದೆ, ಅದು ಕಣ್ಣಿಗಿಂತ ದೊಡ್ಡ ಅಪಾಯ. ಎಂದರೆ ತೆಗೆದದ್ದಕ್ಕೆ ಅವನ ಮಟ್ಟಿಗೆ ಕಾರಣವಿದೆ. 'ಮಬ್ಬಾಗಿದ್ದರಿಂದ 11 ಗಂಟೆಗೆ ತೆಗೆದಿದ್ದರು' ಎಂದು ವರದಿಯಲ್ಲಿ ಬಂದರೆ ಮುಂದಿನ ಖರೀದಿಯಲ್ಲಿ ಮಬ್ಬು ತಡೆಯುವ ಲೇಪದ, ಗಾಳಿಕಂಡಿ ಇರುವ ಗಾಗಲ್ ಕೇಳಬಹುದು. 'ಅಜಾಗರೂಕತೆ' ಎಂದು ಬಂದರೆ ಅದೇ ಗಾಗಲ್ ಇನ್ನೊಂದು ಡಜನ್ ಬರುತ್ತದೆ.

ಇನ್ನು, ವರದಿ ಗ್ರೈಂಡರ್ ಹಿಡಿದವನನ್ನೇ ನೋಡುತ್ತದೆ, ಪಕ್ಕದವನನ್ನು ನೋಡುವುದಿಲ್ಲ. ಫ್ರೇಮ್ ಹಿಡಿದುಕೊಂಡು ಎದುರಿಗೆ ಕೂತ ಹೆಲ್ಪರ್ ಕಿಡಿಯ ನೇರ ದಾರಿಯಲ್ಲೇ ಇರುತ್ತಾನೆ, ಅವನಿಗೆ ಕನ್ನಡಕ ಕೊಡಬೇಕೆಂದು ಯಾರಿಗೂ ತೋಚಿರುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ಈ ವಿಷಯದಲ್ಲಿ ಬಹಳ ಜಾಣ. ಕಣ ಸಿಡಿಯುವ ಕೆಲಸ ಮಾಡುವವರಿಗೆ ಮಾತ್ರವಲ್ಲದೆ ಅದರ ಹತ್ತಿರದಲ್ಲಿ ಇರುವವರಿಗೂ ರಕ್ಷಣೆ ಕೊಡಬೇಕೆಂದು ಅದು ಹೇಳಿತು. ಅದರಲ್ಲೂ ಪರದೆಯನ್ನು ಮೊದಲು ಹೆಸರಿಸಿ, ಗಾಗಲನ್ನು ಆಮೇಲೆ ಹೆಸರಿಸಿತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಐದಾರು ಜನರ ಶೆಡ್ಡು ಬಹುಮಟ್ಟಿಗೆ ಹಳೆಯದರಲ್ಲೂ ಹೊರಗಿತ್ತು, ಹೊಸದರಲ್ಲೂ ಹೊರಗಿದೆ. ಅಂಥ ಕಡೆ ಸೂಪರ್‌ವೈಸರೂ ಇಲ್ಲ, ಫಾರಮ್ಮೂ ಇಲ್ಲ ಎನ್ನುವುದು ನಿಜ. ಆದರೆ ಆಸ್ಪತ್ರೆಗೆ ಕಳಿಸುವಾಗ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದು ಕೈಗಿಡಲು ಕಾಯ್ದೆ ಬೇಕಿಲ್ಲ: ಎಷ್ಟು ಹೊತ್ತಿಗೆ ಆಯಿತು, ಯಾವ ಲೋಹ, ಯಾವ ಉಪಕರಣ, ಆಮೇಲೆ ಕಣ್ಣಿಗೆ ಏನೇನು ಹಾಕಿದರು.

ಯಾವ ಉಪಕರಣ ಎಂಬುದು ಎಲ್ಲಕ್ಕಿಂತ ಮುಖ್ಯವಾಗುವ ಸಂದರ್ಭವೊಂದಿದೆ. ಗ್ರೈಂಡಿಂಗಿನ ಸಣ್ಣ ಕಿಡಿ ಸಾಮಾನ್ಯವಾಗಿ ಕಾರ್ನಿಯಾದಲ್ಲೇ ನಿಲ್ಲುತ್ತದೆ. ಕಟ್ಟಿಂಗ್ ಚಕ್ರ ಒಡೆದು ಹಾರಿದ ತುಂಡು, ಅಥವಾ ಸ್ಲ್ಯಾಗ್ ಕೆಡವಲು ಸುತ್ತಿಗೆ ಉಳಿ ಬಳಸುವಾಗ ಹಾರಿದ ಉಕ್ಕಿನ ಚೂರು ಕಣ್ಣನ್ನು ತೂರಿ ಒಳಗೆ ಹೋಗಬಲ್ಲದು. ಹೊರಗಿನ ಗಾಯ ಕೂದಲೆಳೆಯಷ್ಟಿರುತ್ತದೆ, ನೋವು ಕೂಡ ಅಷ್ಟಕ್ಕಷ್ಟೆ. ದೃಷ್ಟಿ ಒಮ್ಮೆಲೇ ಮಂಕಾಗುವುದು, ಪಾಪೆ ದುಂಡಗಿರದೆ ಹನಿಯ ಆಕಾರಕ್ಕೆ ಎಳೆದುಕೊಳ್ಳುವುದು, ಕಪ್ಪುಗುಡ್ಡೆಯ ಮುಂದೆ ರಕ್ತ ನಿಂತಂತೆ ಕಾಣುವುದು ಇದರ ಲಕ್ಷಣ. ಆಗ ನೀರು ಹಾಕಬಾರದು, ಮುಲಾಮು ಹಚ್ಚಬಾರದು, ಒತ್ತಿ ಪಟ್ಟಿ ಕಟ್ಟಲೂಬಾರದು. ಕಣ್ಣಿಗೆ ತಾಗದಂತೆ ಕಾಗದದ ಲೋಟವನ್ನೋ ಗಟ್ಟಿ ಮುಚ್ಚಳವನ್ನೋ ಮೂಳೆಯ ಮೇಲೆ ಕೂರಿಸಿ ಕಣ್ಣಿನ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಬೇಕು. 'ಗ್ರೈಂಡಿಂಗ್ ಕಿಡಿ' ಎಂದು ರೂಢಿಯ ಮೇಲೆ ಬರೆದ ವರದಿ ಇಲ್ಲಿ ವೈದ್ಯರನ್ನು ತಪ್ಪು ದಾರಿಗೆ ಎಳೆಯುತ್ತದೆ. 'ಚಕ್ರ ಒಡೆಯಿತು' ಅಥವಾ 'ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು' ಎಂದಿದ್ದರೆ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ಅಂದೇ ಆಗುತ್ತದೆ. ಒಳಗೆ ಉಳಿದ ಕಬ್ಬಿಣ ತಿಂಗಳುಗಳ ಮೇಲೂ ಕರಗುತ್ತ ರೆಟಿನಾವನ್ನು ಕೆಡಿಸುತ್ತದೆ.

ಚೂರು ಪೂರ್ತಿ ಹೊರಬಂತೇ ಎಂದು ವರದಿಯಲ್ಲಿ ಬರೆದ ಸಾಲಿಗೆ ಇನ್ನೊಂದು ಉಪಯೋಗವೂ ಇದೆ. ವರ್ಷಗಳ ಮೇಲೆ ಅದೇ ಕೆಲಸಗಾರನಿಗೆ ಬೆನ್ನುನೋವಿಗೋ ತಲೆನೋವಿಗೋ ಎಂಆರ್‌ಐ ಬರೆದುಕೊಟ್ಟರೆ, ಯಂತ್ರದೊಳಗೆ ಕಳಿಸುವ ಮುನ್ನ ಕೇಂದ್ರದವರು ಒಂದು ಫಾರಂ ಕೊಡುತ್ತಾರೆ. ಕಣ್ಣಿಗೆ ಯಾವಾಗಲಾದರೂ ಲೋಹದ ಚೂರು ಬಿದ್ದಿತ್ತೇ, ಅದನ್ನು ಪೂರ್ತಿ ತೆಗೆಯಲಾಯಿತೇ ಎಂಬ ಪ್ರಶ್ನೆ ಅದರಲ್ಲಿರುತ್ತದೆ. ಉಳಿದ ಚೂರನ್ನು ಆಯಸ್ಕಾಂತ ಕಣ್ಣೊಳಗೇ ಎಳೆದಾಡಿಸಬಹುದು ಎಂಬ ಕಾರಣಕ್ಕೆ ಅವರು ಅದನ್ನು ಕೇಳುತ್ತಾರೆ, ಅನುಮಾನವಿದ್ದರೆ ಮೊದಲು ಕಣ್ಣಿನ ಎಕ್ಸ್‌ರೇ ತೆಗೆಸುತ್ತಾರೆ. ಕೆಲಸಗಾರ ಆ ಹೊತ್ತಿಗೆ ಮೂರು ಶೆಡ್ಡು ಬದಲಿಸಿರುತ್ತಾನೆ, ಯಾವ ಕಣ್ಣೆಂಬುದೂ ನೆನಪಿರುವುದಿಲ್ಲ. 'ಬಲಗಣ್ಣು, ಕಾರ್ನಿಯಾದಲ್ಲಿ ಒಂದು ಚೂರು, ಪೂರ್ತಿ ತೆಗೆಯಲಾಗಿದೆ, ತುಕ್ಕು ಮರುದಿನ ತೆಗೆಯಲಾಗಿದೆ, ದೃಷ್ಟಿ 6/6' ಎಂಬ ಸಾಲಿನ ಒಂದು ಪ್ರತಿಯನ್ನು ಕಡತದಲ್ಲಿಟ್ಟು, ಇನ್ನೊಂದನ್ನು ಅವನ ಕೈಗೇ ಕೊಟ್ಟಿದ್ದರೆ ಆ ಫಾರಂ ತುಂಬುವುದು ಅರ್ಧ ನಿಮಿಷದ ಕೆಲಸ.